ಏರುತೂಕದ ಸರಾಸರಿ

ಏರುತೂಕದ ಸರಾಸರಿ ಎಂದರೆ ಒಂದು ಕೋರ್ಸಿನಲ್ಲಿ ಸಾಲಾಗಿ ನಡೆದ ಪರೀಕ್ಷೆಗಳ ಅಂಕಗಳನ್ನು ಕೂಡಿಸುವಾಗ ಮೊದಲಿನವಕ್ಕೆ ಕಡಿಮೆ, ನಂತರದವಕ್ಕೆ ಹಂತಹಂತವಾಗಿ ಹೆಚ್ಚು ತೂಕ ಕೊಟ್ಟು ತೆಗೆಯುವ ಸರಾಸರಿ. ಶಾಲಾ ಕಾಲೇಜುಗಳಲ್ಲಿ ಈ ತೂಕಕ್ಕೆ ವೇಟೇಜ್ ಎಂಬ ಮಾತೇ ರೂಢಿ. ಎಲ್ಲ ಪರೀಕ್ಷೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಳ ಸರಾಸರಿ. ಇದ್ದುದರಲ್ಲಿ ಹೆಚ್ಚಿನದನ್ನು ಮಾತ್ರ ಉಳಿಸಿಕೊಳ್ಳುವುದು ಉತ್ತಮ ಅಂಕದ ಪದ್ಧತಿ. ಏರುತೂಕದ ಸರಾಸರಿ ಇವೆರಡಕ್ಕಿಂತ ಬೇರೆ. ವಿದ್ಯಾರ್ಥಿ ವರ್ಷವಿಡೀ ಒಟ್ಟಾರೆ ಎಷ್ಟು ಗಳಿಸಿದ ಎಂಬುದು ಅದರ ಪ್ರಶ್ನೆಯಲ್ಲ. ಕೋರ್ಸು ಮುಗಿಯುವ ಹೊತ್ತಿಗೆ ಅವನಿಗೆ ಎಷ್ಟು ಬರುತ್ತದೆ ಎಂಬುದು ಅದರ ಪ್ರಶ್ನೆ. ಆದ್ದರಿಂದ ಕೊನೆಯ ಪರೀಕ್ಷೆ ಮೊದಲಿನ ಪರೀಕ್ಷೆ ಅಳೆದ ವಿದ್ಯೆಯನ್ನೇ ಮತ್ತೊಮ್ಮೆ ಅಳೆಯುವ ಕಡೆ ಮಾತ್ರ ಇದಕ್ಕೆ ಅರ್ಥವಿದೆ. ಈ ಷರತ್ತು ಮುರಿದಲ್ಲಿ, ಹೆಸರು ಅದೇ ಇದ್ದರೂ ಲೆಕ್ಕ ಬೇರೇನನ್ನೋ ಹೇಳುತ್ತಿರುತ್ತದೆ. ಕರ್ನಾಟಕದ ವಿದ್ಯಾರ್ಥಿಗಳು 2021 ಮತ್ತು 2022ರ ಫಲಿತಾಂಶಗಳಲ್ಲಿ ಎದುರಿಸಿದ ಸೂತ್ರಗಳು ಇದಕ್ಕೆ ಹತ್ತಿರದ ಸಾಕ್ಷಿ.

ಮೂಲ

ಹೊಸ ಮಾಹಿತಿಗೆ ಹೆಚ್ಚು, ಹಳೆಯದಕ್ಕೆ ಕಡಿಮೆ ಬೆಲೆ ಕೊಡುವ ಈ ಲೆಕ್ಕ ಹುಟ್ಟಿದ್ದು ತರಗತಿಯಲ್ಲಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗಾಗಿ ಕೆಲಸ ಮಾಡುತ್ತಿದ್ದ ರಾಬರ್ಟ್ ಬ್ರೌನ್ ಜಲಾಂತರ್ಗಾಮಿಗಳ ವೇಗ ಮತ್ತು ದಿಕ್ಕನ್ನು ಅಂದಾಜು ಮಾಡಲು ಇದನ್ನು ರೂಪಿಸಿದರು. ಯುದ್ಧದ ನಂತರ ಅವರು ಇದೇ ಲೆಕ್ಕವನ್ನು ಉಗ್ರಾಣದ ಬಿಡಿಭಾಗಗಳಿಗೆ ಮುಂದಿನ ತಿಂಗಳು ಎಷ್ಟು ಬೇಡಿಕೆ ಬಂದೀತು ಎಂದು ಊಹಿಸಲು ಬಳಸಿದರು. ಬೇಡಿಕೆ ಏರುತ್ತಲೋ ಇಳಿಯುತ್ತಲೋ ಇದ್ದಾಗಲೂ ಲೆಕ್ಕ ಹಿಂದೆ ಬೀಳದಂತೆ ಚಾರ್ಲ್ಸ್ ಹೋಲ್ಟ್ 1957ರಲ್ಲಿ ಇದನ್ನು ತಿದ್ದಿದರು. 1959ರಲ್ಲಿ ಎಸ್.ಡಬ್ಲ್ಯು. ರಾಬರ್ಟ್ಸ್ ಕಾರ್ಖಾನೆಯ ಗುಣಮಟ್ಟ ತಪಾಸಣೆಯ ನಕ್ಷೆಗೆ ಅಳವಡಿಸಿದರು. ಮೂರೂ ಕಡೆ ಸಮಸ್ಯೆ ಒಂದೇ: ಅಳೆಯಬೇಕಾದ ವಸ್ತು ನಿಂತಲ್ಲಿ ನಿಂತಿಲ್ಲ, ಪ್ರತಿ ಅಳತೆಯಲ್ಲೂ ಸ್ವಲ್ಪ ತಪ್ಪಿರುತ್ತದೆ. ಹಳೆಯ ಅಳತೆಯನ್ನು ಪೂರ್ತಿ ನಂಬಿದರೆ ಬದಲಾವಣೆ ಕಾಣುವುದಿಲ್ಲ, ಹೊಸದನ್ನೇ ಪೂರ್ತಿ ನಂಬಿದರೆ ತಪ್ಪನ್ನೇ ಬದಲಾವಣೆ ಎಂದು ಎಣಿಸಿಬಿಡುತ್ತೇವೆ.

ಕಲಿಯುತ್ತಿರುವ ವಿದ್ಯಾರ್ಥಿಯೂ ಹಾಗೆ ಚಲಿಸುವ ವಸ್ತುವೇ ಎಂಬ ವಾದದಿಂದ ಈ ಲೆಕ್ಕ ಶಿಕ್ಷಣಕ್ಕೆ ಬಂತು. ಅಮೆರಿಕದ ಶಿಕ್ಷಣತಜ್ಞ ರಾಬರ್ಟ್ ಮಾರ್ಜಾನೊ 2006ರ ತಮ್ಮ ಪುಸ್ತಕದಲ್ಲಿ, ವರ್ಷದ ಅಂಕಗಳನ್ನು ಸರಳವಾಗಿ ಸರಾಸರಿ ಮಾಡಿದರೆ ಕಲಿತು ಮುಗಿಸಿದವನಿಗೆ ಕಲಿಯುವ ಮೊದಲಿನ ತಪ್ಪುಗಳಿಗೂ ದಂಡ ಹಾಕಿದಂತಾಗುತ್ತದೆ ಎಂಬ ತರ್ಕವನ್ನು ಮುಂದಿಟ್ಟು, ಕಲಿಕೆಯ ರೇಖೆಯನ್ನು ಹಿಡಿದು ಅದರ ಕೊನೆಯ ಬಿಂದುವನ್ನು ಅಂದಾಜು ಮಾಡುವ ವಿಧಾನವನ್ನು ವಿವರಿಸಿದರು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಇಂಥ ಸಿದ್ಧಾಂತವಿಲ್ಲದೆಯೇ ಪದ್ಧತಿ ರೂಢಿಯಲ್ಲಿದೆ. ಅಲ್ಲಿನ ಅನೇಕ ಆನರ್ಸ್ ಪದವಿಗಳಲ್ಲಿ ಮೊದಲ ವರ್ಷದ ಅಂಕ ಅಂತಿಮ ದರ್ಜೆಗೆ ಸೇರುವುದೇ ಇಲ್ಲ, ಎರಡನೆಯ ವರ್ಷಕ್ಕಿಂತ ಮೂರನೆಯದಕ್ಕೆ ಹೆಚ್ಚು ತೂಕ.

ರಚನೆ

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ಬೆಂಗಳೂರಿನ ವಿಮಾನಪುರದಂಥ ಕಾರ್ಖಾನೆಯ ನೆರೆಯಲ್ಲಿ ಎಲ್ಲರಿಗೂ ಪರಿಚಿತವಾದ ಫಿಟ್ಟರ್ ಟ್ರೇಡಿನ ತರಬೇತಿಯನ್ನೇ ತೆಗೆದುಕೊಳ್ಳೋಣ. ಅಪ್ರೆಂಟಿಸ್ ಒಬ್ಬ ಉಕ್ಕಿನ ಬಿಲ್ಲೆಯನ್ನು ಅರ ಹಾಕಿ ಉಜ್ಜಿ ಹೇಳಿದ ಅಳತೆಗೆ ತರಬೇಕು; ಮೇಲ್ಮೈ ಸಮತಟ್ಟಾಗಿದೆಯೇ, ಮೂಲೆ ಲಂಬವಾಗಿದೆಯೇ ಎಂದು ಮಟ್ಟದಿಂದ ನೋಡಿ ಅಂಕ ಹಾಕುತ್ತಾರೆ. ಇಂಥ ಐದು ಜಾಬ್‌ಗಳಲ್ಲಿ ಅವನಿಗೆ ಬಂದ ಅಂಕ ಕ್ರಮವಾಗಿ 40, 55, 60, 75, 80. ಸರಳ ಸರಾಸರಿ 62. ಆದರೆ ಈಗ ಅವನ ಕೈಗೆ ಜಾಬ್ ಕೊಟ್ಟರೆ 62ರ ಮಟ್ಟದ ಕೆಲಸ ಬರುತ್ತದೆ ಎಂದು ಅವನನ್ನು ನೋಡಿದ ಯಾವ ಇನ್‌ಸ್ಟ್ರಕ್ಟರೂ ಹೇಳಲಾರ.

ಮೊದಲನೆಯ ಜಾಬಿಗೆ 1, ಎರಡನೆಯದಕ್ಕೆ 2, ಹೀಗೆ ಐದನೆಯದಕ್ಕೆ 5 ಎಂದು ತೂಕ ಕೊಟ್ಟು, ಪ್ರತಿ ಅಂಕವನ್ನು ಅದರ ತೂಕದಿಂದ ಗುಣಿಸಿ ಕೂಡಿದರೆ 1030 ಬರುತ್ತದೆ. ತೂಕಗಳ ಮೊತ್ತ 15. ಭಾಗಿಸಿದರೆ 68.7. ಇದು ರೇಖೀಯ ಏರುತೂಕ. ಇನ್ನೊಂದು ವಿಧಾನದಲ್ಲಿ ತೂಕಗಳ ಪಟ್ಟಿಯೇ ಬೇಡ. ಪ್ರತಿ ಹೊಸ ಅಂಕ ಬಂದಾಗ ಹಿಂದಿನ ಸರಾಸರಿಯನ್ನು ತಿದ್ದುತ್ತ ಹೋದರಾಯಿತು:

```
ಹೊಸ ಸರಾಸರಿ = 0.65 × ಹೊಸ ಅಂಕ + 0.35 × ಹಿಂದಿನ ಸರಾಸರಿ
```

ಮೊದಲ ಅಂಕ 40 ಆರಂಭದ ಸರಾಸರಿ. ಎರಡನೆಯ ಜಾಬ್ ಮುಗಿದಾಗ ಅದು 49.75 ಆಗುತ್ತದೆ, ಮೂರನೆಯದಕ್ಕೆ 56.4, ನಾಲ್ಕನೆಯದಕ್ಕೆ 68.5, ಐದನೆಯದಕ್ಕೆ ಸುಮಾರು 76. ಇದು ಘಾತೀಯ ಏರುತೂಕ. ಇಲ್ಲಿ ಹಳೆಯ ಅಂಕ ಪೂರ್ತಿ ಅಳಿಸಿಹೋಗುವುದಿಲ್ಲ, ಆದರೆ ಪ್ರತಿ ಹಂತದಲ್ಲೂ 0.35ರಷ್ಟಕ್ಕೆ ಕುಗ್ಗುತ್ತದೆ. ಐದನೆಯ ಜಾಬಿನ ಹೊತ್ತಿಗೆ ಮೊದಲನೆಯದರ ಪಾಲು ನೂರಕ್ಕೆ ಒಂದೂವರೆ ಮಾತ್ರ.

ಇದೇ ಅಂಕಗಳು ತಿರುವುಮುರುವಾಗಿ, 80ರಿಂದ ಆರಂಭವಾಗಿ 40ಕ್ಕೆ ಇಳಿದಿದ್ದರೆ ಸರಳ ಸರಾಸರಿ ಆಗಲೂ 62. ರೇಖೀಯ ಲೆಕ್ಕದಲ್ಲಿ 55.3, ಘಾತೀಯ ಲೆಕ್ಕದಲ್ಲಿ 46.6. ಕೈ ಕುದುರಿದವನೂ ಕೈ ಕೆಟ್ಟವನೂ ಸರಳ ಸರಾಸರಿಗೆ ಒಂದೇ. ಏರುತೂಕಕ್ಕೆ ಮಾತ್ರ ಅವರು ಬೇರೆಬೇರೆ. ಆರಂಭದಿಂದಲೂ 70 ತೆಗೆಯುತ್ತ ಬಂದವನಿಗೆ ಮೂರೂ ಲೆಕ್ಕದಲ್ಲಿ 70 ಬರುವುದರಿಂದ, ಈ ಪದ್ಧತಿ ಮೊದಲಿನಿಂದ ಚೆನ್ನಾಗಿ ಓದಿದವರಿಗೆ ಅನ್ಯಾಯ ಮಾಡುತ್ತದೆ ಎಂಬ ಸಾಮಾನ್ಯ ಆಕ್ಷೇಪಕ್ಕೆ ಆಧಾರವಿಲ್ಲ. ಅವನು ಕಳೆದುಕೊಳ್ಳುವುದು ಹಿಂದೆ ಬಿದ್ದಿದ್ದವನು ತನ್ನ ಸಮಕ್ಕೆ ಬಾರದಂತೆ ತಡೆಯುತ್ತಿದ್ದ ಅಂತರವನ್ನು ಮಾತ್ರ.

ನಿಜವಾದ ಆಕ್ಷೇಪ ಬೇರೆ ಇದೆ, ಅದು ಗಟ್ಟಿಯಾದದ್ದು. ಕೊನೆಯ ಜಾಬಿನ ದಿನ ಅಪ್ರೆಂಟಿಸನಿಗೆ ಜ್ವರ, ಬಂದದ್ದು 80ರ ಬದಲು 50 ಎನ್ನಿ. ಸರಳ ಸರಾಸರಿ 62ರಿಂದ 56ಕ್ಕೆ, ಆರು ಅಂಕ ಇಳಿಯುತ್ತದೆ. ಘಾತೀಯ ಸರಾಸರಿ 76ರಿಂದ 56.5ಕ್ಕೆ ಬೀಳುತ್ತದೆ. ಒಂದು ಕೆಟ್ಟ ದಿನಕ್ಕೆ ಹತ್ತೊಂಬತ್ತೂವರೆ ಅಂಕ ದಂಡ. ಇದಕ್ಕೆ ಕಾರಣ ಸಂಖ್ಯಾಶಾಸ್ತ್ರದಲ್ಲಿದೆ. 0.65ರ ತೂಕ ಹಾಕಿದಾಗ ಎಷ್ಟೇ ಪರೀಕ್ಷೆ ನಡೆಸಿದರೂ ಅದರ ನಂಬಿಕೆ ಸುಮಾರು ಎರಡು ಪರೀಕ್ಷೆಗಳ ಸರಳ ಸರಾಸರಿಗೆ ಇರುವಷ್ಟೇ. ಐದು ಪರೀಕ್ಷೆಗಳ ರೇಖೀಯ ತೂಕಕ್ಕೆ ನಾಲ್ಕು ಪರೀಕ್ಷೆಗಳ ಬಲ ಉಳಿಯುತ್ತದೆ. ಪ್ರತಿ ಪರೀಕ್ಷೆಯ ಅಂಕ ಆರರಷ್ಟು ಆಚೀಚೆ ಆಗುವಂಥದ್ದಾದರೆ, ಐದರ ಸರಳ ಸರಾಸರಿಯಲ್ಲಿ ಆ ಅಲುಗಾಟ 2.7ಕ್ಕೆ ಇಳಿಯುತ್ತದೆ, ರೇಖೀಯದಲ್ಲಿ ಸುಮಾರು 3, ಘಾತೀಯದಲ್ಲಿ 4ಕ್ಕಿಂತ ಮೇಲೆಯೇ ನಿಲ್ಲುತ್ತದೆ. ಈಚಿನ ಸ್ಥಿತಿಯನ್ನು ತಿಳಿಯಲು ಕೊಡುವ ಬೆಲೆ ಇದೇ. ಒಂದು ತರಗತಿಯ ಪುಟ್ಟ ಲೆಕ್ಕಕ್ಕೆ ರೇಖೀಯ ತೂಕ ಸಾಮಾನ್ಯವಾಗಿ ಸಾಕಾಗುವುದೂ ಇದರಿಂದಲೇ: ಬದಲಾವಣೆಯನ್ನು ಕಂಡುಹಿಡಿಯುತ್ತದೆ, ಒಂದು ದಿನದ ಜ್ವರಕ್ಕೆ ಬೆದರುವುದಿಲ್ಲ.

ಬಗೆಗಳು

ರೇಖೀಯ ಮತ್ತು ಘಾತೀಯ ಎಂಬ ಎರಡು ಮುಖ್ಯ ಬಗೆಗಳ ಜೊತೆಗೆ ಮೂರನೆಯದೊಂದು ಬಳಕೆಯಲ್ಲಿದೆ. ಅದರಲ್ಲಿ ಕೊನೆಯ ಪರೀಕ್ಷೆಗೆ ಒಂದು ಪಾಲು, ಮಿಕ್ಕ ಎಲ್ಲದರ ಸರಳ ಸರಾಸರಿಗೆ ಇನ್ನೊಂದು ಪಾಲು. ಮೇಲಿನ ಅಪ್ರೆಂಟಿಸನಿಗೆ ಇದನ್ನು 65:35ರಂತೆ ಹಾಕಿದರೆ 72.1 ಬರುತ್ತದೆ. ಶಿಕ್ಷಕರು ಬಳಸುವ ಕ್ಯಾನ್ವಾಸ್ ಎಂಬ ತಂತ್ರಾಂಶದಲ್ಲಿ ಮೊದಲಿನಿಂದ ಇದ್ದದ್ದು ಈ ಲೆಕ್ಕ, ಆದರೆ ಅಲ್ಲಿ ಅದರ ಹೆಸರು Decaying Average ಎಂದಿತ್ತು. ಆಮೇಲೆ ಅದಕ್ಕೆ Weighted Average ಎಂದು ಹೆಸರು ಬದಲಿಸಿ, ಪ್ರತಿ ಹಂತದಲ್ಲೂ ಕುಗ್ಗುವ ನಿಜವಾದ ಘಾತೀಯ ಲೆಕ್ಕಕ್ಕೆ ಹಳೆಯ ಹೆಸರನ್ನು ಕೊಟ್ಟರು. ಒಂದೇ ಹೆಸರಿನಲ್ಲಿ ಎರಡು ಲೆಕ್ಕ ಓಡಾಡುವುದರಿಂದ, ಯಾವುದಾದರೂ ಕೋರ್ಸು ಈ ಪದ್ಧತಿ ಬಳಸುತ್ತದೆ ಎಂದಾಗ ಹೆಸರು ಕೇಳಿ ಸುಮ್ಮನಾಗದೆ ಸೂತ್ರವನ್ನೇ ಕೇಳಬೇಕು. ಒಂದೇ ಅಂಕಪಟ್ಟಿಗೆ 72ಕ್ಕೂ 76ಕ್ಕೂ ನಡುವಿನ ವ್ಯತ್ಯಾಸ ದರ್ಜೆ ಬದಲಿಸಲು ಸಾಕು.

ಅರಿವಿಲ್ಲದೆ ಆಗುವ ಏರುತೂಕವೂ ಒಂದಿದೆ. ಮೊದಲ ಎರಡು ಯೂನಿಟ್ ಟೆಸ್ಟು 25 ಅಂಕಕ್ಕೆ, ವಾರ್ಷಿಕ ಪರೀಕ್ಷೆ 100ಕ್ಕೆ ನಡೆಸಿ, ಬಂದ ಅಂಕಗಳನ್ನು ಹಾಗೇ ಕೂಡಿ 150ಕ್ಕೆ ಲೆಕ್ಕ ಹಾಕಿದರೆ ವಾರ್ಷಿಕಕ್ಕೆ ಮೂರನೆಯ ಎರಡು ಪಾಲು ತೂಕ ತಾನಾಗಿ ಸೇರಿರುತ್ತದೆ. ಯಾರೂ ನಿರ್ಧರಿಸದ ತೂಕ ಅದು. ಇದರ ಮೇಲೆ ಮತ್ತೆ 1, 2, 3 ಎಂದು ತೂಕ ಹಾಕಿದರೆ ಎರಡು ಸಲ ತೂಗಿದಂತೆ. ಆದ್ದರಿಂದ ಮೊದಲು ಎಲ್ಲವನ್ನೂ ಶೇಕಡಕ್ಕೆ ತಂದುಕೊಂಡು, ಆಮೇಲೆ ತೂಕ ಹಾಕುವುದು ಸರಿಯಾದ ಕ್ರಮ. ಗೈರುಹಾಜರಿಯಲ್ಲೂ ಇಂಥದೇ ತಪ್ಪಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅಪ್ರೆಂಟಿಸ್ ಮೂರನೆಯ ಜಾಬಿಗೆ ಬಂದಿರದಿದ್ದರೆ ಉಳಿದ ತೂಕಗಳ ಮೊತ್ತ 12, ಸರಾಸರಿ 70.8. ಭಾಗಿಸುವಾಗ 15 ಎಂದೇ ಉಳಿಸಿಕೊಂಡರೆ 56.7. ಬಿಟ್ಟುಹೋದ ಪರೀಕ್ಷೆಯನ್ನು ಸೊನ್ನೆ ಎಂದು ಎಣಿಸುವುದು ಶಿಸ್ತಿನ ಕ್ರಮವಾಗಿರಬಹುದು, ಅಳತೆಯಲ್ಲ.

ಬಳಕೆ

ವಿಮಾನಪುರದ ಸುತ್ತಮುತ್ತ, ಕೋಡಿಹಳ್ಳಿಯಿಂದ ಸಿ.ವಿ. ರಾಮನ್ ನಗರದವರೆಗೆ, ಎನ್‌ಎಎಲ್ ಮತ್ತು ಡಿಆರ್‌ಡಿಓ ಹೆಸರಿನ ಕೇಂದ್ರೀಯ ವಿದ್ಯಾಲಯಗಳಲ್ಲಿ ಸಿಬಿಎಸ್‌ಇ ಪಠ್ಯಕ್ರಮವಿದೆ; ಅದೇ ಬಡಾವಣೆಗಳ ಇತರ ಮಕ್ಕಳು ರಾಜ್ಯದ ಪಿಯು ಕಾಲೇಜುಗಳಲ್ಲಿ ಓದುತ್ತಾರೆ. 2021ರಲ್ಲಿ ಕೋವಿಡ್‌ನಿಂದಾಗಿ ಎರಡೂ ಕಡೆ ಹನ್ನೆರಡನೆಯ ತರಗತಿಯ ಪರೀಕ್ಷೆ ರದ್ದಾಯಿತು, ಫಲಿತಾಂಶವನ್ನು ಹಿಂದಿನ ಅಂಕಗಳಿಂದಲೇ ಕಟ್ಟಬೇಕಾಯಿತು. ಸಿಬಿಎಸ್‌ಇ ಥಿಯರಿ ಅಂಕಕ್ಕೆ ಹತ್ತನೆಯ ತರಗತಿಯಿಂದ ಶೇ 30, ಹನ್ನೊಂದನೆಯದರಿಂದ ಶೇ 30, ಹನ್ನೆರಡನೆಯ ತರಗತಿಯ ಯೂನಿಟ್ ಟೆಸ್ಟ್, ಅರ್ಧವಾರ್ಷಿಕ, ಪ್ರೀಬೋರ್ಡ್‌ಗಳಿಂದ ಶೇ 40 ತೆಗೆದುಕೊಂಡಿತು. ಹತ್ತನೆಯದರಲ್ಲಿ ಹೆಚ್ಚು ಅಂಕ ಬಂದ ಮೂರು ವಿಷಯಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರು. 2021ರ ಜೂನ್ 17ರಂದು ಈ ಸೂತ್ರವನ್ನು ಸುಪ್ರೀಂ ಕೋರ್ಟ್ ಮುಂದಿಡಲಾಯಿತು, ನ್ಯಾಯಾಲಯ ಅದನ್ನು ಒಪ್ಪಿತು. ಕರ್ನಾಟಕದ ಪದವಿಪೂರ್ವ ಶಿಕ್ಷಣ ಇಲಾಖೆಯ ಸೂತ್ರ ಬೇರೆ: ಎಸ್ಸೆಸ್ಸೆಲ್ಸಿಗೆ ಶೇ 45, ಪ್ರಥಮ ಪಿಯುಸಿಗೆ ಶೇ 45, ದ್ವಿತೀಯ ಪಿಯುಸಿಯ ಆಂತರಿಕ ಸಾಧನೆಗೆ ಶೇ 10.

ಎರಡರ ವ್ಯತ್ಯಾಸ ಏನು ಮಾಡಿತು ಎಂಬುದನ್ನು ಒಬ್ಬ ಕಲ್ಪಿತ ವಿದ್ಯಾರ್ಥಿಯ ಮೇಲೆ ನೋಡಬಹುದು. ಹತ್ತರಲ್ಲಿ 60, ಹನ್ನೊಂದರಲ್ಲಿ 70, ಹನ್ನೆರಡರಲ್ಲಿ 85 ಗಳಿಸುತ್ತ ಏರಿದ ಹುಡುಗಿಗೆ ಸಿಬಿಎಸ್‌ಇ ತೂಕದಲ್ಲಿ 73, ರಾಜ್ಯದ ತೂಕದಲ್ಲಿ 67. ಕೇಂದ್ರದ್ದು ಏರುತೂಕ, ರಾಜ್ಯದ್ದು ಇಳಿತೂಕ. ಮೇಲುನೋಟಕ್ಕೆ ಕರ್ನಾಟಕ ಕಲಿಕೆಯ ತರ್ಕವನ್ನೇ ತಲೆಕೆಳಗು ಮಾಡಿದಂತೆ ಕಾಣುತ್ತದೆ. ಆದರೆ 2021ರ ಪಿಯು ತಂಡದವರು ಎಸ್ಸೆಸ್ಸೆಲ್ಸಿ ಬರೆದದ್ದು 2019ರಲ್ಲಿ, ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆಯ ಸಾರ್ವಜನಿಕ ಪರೀಕ್ಷೆಯಾಗಿ. ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆ 2020ರ ಲಾಕ್‌ಡೌನಿಗೆ ಮೊದಲೇ ಮುಗಿದಿತ್ತು. ದ್ವಿತೀಯ ಪಿಯುಸಿ ಬಹುಪಾಲು ಆನ್‌ಲೈನ್ ಪಾಠದಲ್ಲೇ ಕಳೆಯಿತು, ಕಾಲೇಜಿಂದ ಕಾಲೇಜಿಗೆ ಅಂಕ ಕೊಟ್ಟ ಬಗೆ ಒಂದೇ ಆಗಿರಲು ಸಾಧ್ಯವಿರಲಿಲ್ಲ. ಇತ್ತೀಚಿನ ಅಳತೆ ಎಂಬ ಒಂದೇ ಕಾರಣಕ್ಕೆ ಅದನ್ನು ಹೆಚ್ಚು ನಂಬಬೇಕೆಂದಿಲ್ಲ. ಅಳತೆಗೋಲೇ ಸಡಿಲವಾಗಿದ್ದರೆ ಹೊಸ ಅಳತೆ ಹಳೆಯದಕ್ಕಿಂತ ಕೀಳು. ಸಿಬಿಎಸ್‌ಇಗೂ ಈ ಅಳುಕು ಇತ್ತೆಂಬುದು ಅದರ ಸೂತ್ರದ ಇನ್ನೊಂದು ಭಾಗದಿಂದ ತಿಳಿಯುತ್ತದೆ: ಶಾಲೆಗಳು ಕೊಟ್ಟ ಅಂಕ ಆ ಶಾಲೆಯ ಹಿಂದಿನ ಮೂರು ವರ್ಷಗಳಲ್ಲಿ ಉತ್ತಮವಾಗಿದ್ದ ಒಂದು ವರ್ಷದ ಫಲಿತಾಂಶಕ್ಕೆ ಹೊಂದಬೇಕಿತ್ತು. ಅಂದರೆ ಹೊಸದಕ್ಕೆ ಕೊಟ್ಟ ಶೇ 40ರ ತೂಕವನ್ನು ಹಳೆಯ ದಾಖಲೆಗೆ ಕಟ್ಟಿಹಾಕಿಯೇ ಕೊಟ್ಟದ್ದು.

ಮರುವರ್ಷದ ಪ್ರಕರಣ ಇನ್ನೂ ಬೋಧಪ್ರದ. 2021ರ ಜುಲೈನಲ್ಲಿ ಸಿಬಿಎಸ್‌ಇ ಹತ್ತು ಮತ್ತು ಹನ್ನೆರಡನೆಯ ತರಗತಿಗಳ ಪಠ್ಯವನ್ನು ಎರಡು ಟರ್ಮ್‌ಗೆ ಅರ್ಧರ್ಧ ಹಂಚಿತು. ಮೊದಲ ಟರ್ಮಿನ ಪರೀಕ್ಷೆ ನವೆಂಬರ್–ಡಿಸೆಂಬರಿನಲ್ಲಿ, ತೊಂಬತ್ತು ನಿಮಿಷ, ಓಎಂಆರ್ ಹಾಳೆಯಲ್ಲಿ ಬಹುಆಯ್ಕೆ ಪ್ರಶ್ನೆಗಳು. ಎರಡನೆಯದು 2022ರ ಏಪ್ರಿಲ್ ಕೊನೆಯಿಂದ, ಎರಡು ಗಂಟೆ, ವಿವರಣಾತ್ಮಕ ಉತ್ತರಗಳು. ಜುಲೈ 22ರಂದು ಫಲಿತಾಂಶ ಬಂದಾಗ ಥಿಯರಿಯಲ್ಲಿ ಮೊದಲ ಟರ್ಮಿಗೆ ಶೇ 30, ಎರಡನೆಯದಕ್ಕೆ ಶೇ 70 ತೂಕ ಹಾಕಿದ್ದು ಗೊತ್ತಾಯಿತು. ಪ್ರಾಯೋಗಿಕಕ್ಕೆ ಮಾತ್ರ ಎರಡೂ ಸಮ. ಹತ್ತನೆಯ ತರಗತಿಯ ಗಣಿತದಲ್ಲಿ ಪ್ರತಿ ಟರ್ಮಿನ ಥಿಯರಿ 40 ಅಂಕಕ್ಕಿತ್ತು, ಒಟ್ಟು 80. ಒಬ್ಬ ವಿದ್ಯಾರ್ಥಿಗೆ ಮೊದಲ ಟರ್ಮಿನಲ್ಲಿ 36, ಎರಡನೆಯದರಲ್ಲಿ 26 ಬಂದಿದ್ದರೆ ನೇರವಾಗಿ ಕೂಡಿದಾಗ 62. ಹೊಸ ತೂಕದಲ್ಲಿ ಮೊದಲ ಟರ್ಮು 24ಕ್ಕೆ ಇಳಿದು ಅವನ 36 ಎಂಬುದು 21.6 ಆಗುತ್ತದೆ, ಎರಡನೆಯದು 56ಕ್ಕೆ ಏರಿ 26 ಎಂಬುದು 36.4 ಆಗುತ್ತದೆ. ಒಟ್ಟು 58. ನಾಲ್ಕು ಅಂಕ ಹೋಯಿತು.

ಹೊರಗಿನಿಂದ ಇದು ಅಪ್ಪಟ ಏರುತೂಕ. ಆದರೆ ಎರಡನೆಯ ಟರ್ಮು ಮೊದಲನೆಯದರ ಪಾಠಗಳನ್ನು ಮತ್ತೆ ಕೇಳಲಿಲ್ಲ. ಪಾಠಗಳು ಬೇರೆಬೇರೆಯಾಗಿದ್ದಾಗ ಶೇ 70 ಎಂಬುದು ವಿದ್ಯಾರ್ಥಿಯ ಈಗಿನ ಮಟ್ಟವನ್ನು ಹೇಳುವುದಿಲ್ಲ. ಪುಸ್ತಕದ ಹಿಂಭಾಗ ಮುಂಭಾಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮುಖ್ಯ ಎಂದು ಹೇಳಿದಂತಾಗುತ್ತದೆ. ಸಮರ್ಥನೆ ಬೇರೆ ಕಡೆಯಿಂದ ಬರಬೇಕು: ಒಂದೂವರೆ ಗಂಟೆಯ ಬಹುಆಯ್ಕೆ ಪರೀಕ್ಷೆಗಿಂತ ವಿವರಣಾತ್ಮಕ ಪರೀಕ್ಷೆ ಹೆಚ್ಚು ನಂಬಲರ್ಹ ಎಂಬ ವಾದ. ಅದು ಒಪ್ಪಬಹುದಾದ ವಾದವೇ. ಆದರೆ ಅದು ಪರೀಕ್ಷೆಯ ಗುಣಕ್ಕೆ ಕೊಟ್ಟ ತೂಕ, ಕಾಲಕ್ಕಲ್ಲ. ಎರಡನೆಯ ಟರ್ಮಿನದು ಬಹುಆಯ್ಕೆಯಾಗಿ ಮೊದಲನೆಯದು ವಿವರಣಾತ್ಮಕವಾಗಿದ್ದರೆ ಅದೇ ತರ್ಕ ತೂಕವನ್ನು ಮೊದಲಿನದರ ಕಡೆಗೆ ತಿರುಗಿಸಬೇಕಾಗುತ್ತಿತ್ತು. ಇದರ ಹಿಂದಿನ ನಿರಂತರ ಮೌಲ್ಯಮಾಪನದ (ಸಿಸಿಇ) ಕಾಲದಲ್ಲೂ ಸಿಬಿಎಸ್‌ಇ ಮೊದಲಿಗೆ ಮೊದಲ ಸಂಕಲನಾತ್ಮಕ ಪರೀಕ್ಷೆಗೆ ಶೇ 20, ಎರಡನೆಯದಕ್ಕೆ ಶೇ 40 ಇಟ್ಟು, ಆಮೇಲೆ ಎರಡನ್ನೂ ಶೇ 30ಕ್ಕೆ ಸಮ ಮಾಡಿತ್ತು. ಪ್ರತಿ ಟರ್ಮಿಗೆ ಪ್ರತ್ಯೇಕ ಪಾಠವಿದ್ದ ಕಡೆ ಸಮತೂಕವೇ ಸಹಜ.

ಹಾಗಾದರೆ ಏರುತೂಕ ಯಾವ ಕೋರ್ಸಿಗೆ ಹೊಂದುತ್ತದೆ? ಒಂದರ ಮೇಲೊಂದು ಕಟ್ಟುವ ವಿದ್ಯೆಗೆ. ಟೈಪಿಂಗ್, ಶೀಘ್ರಲಿಪಿ, ಅರ ಹಾಕುವ ಕೈಕೆಲಸ, ಹೊಸದಾಗಿ ಕಲಿಯುವ ಭಾಷೆಯಲ್ಲಿ ಮಾತು, ಪ್ರೋಗ್ರಾಮಿಂಗ್, ಪ್ರಯೋಗಾಲಯದ ಕೌಶಲ ಇವುಗಳಲ್ಲಿ ಕೊನೆಯ ಪರೀಕ್ಷೆಯನ್ನು ಪಾಸು ಮಾಡಬೇಕಾದರೆ ಮೊದಲಿನದೆಲ್ಲ ಬರಲೇಬೇಕು. ನಿಮಿಷಕ್ಕೆ ಮೂವತ್ತು ಪದ ಟೈಪು ಮಾಡುವವಳು ಆರಂಭದಲ್ಲಿ ಹತ್ತು ಪದಕ್ಕೆ ಒದ್ದಾಡಿದ್ದನ್ನು ಅಂಕಪಟ್ಟಿ ನೆನಪಿಟ್ಟುಕೊಳ್ಳಬೇಕಾದ ಕಾರಣವಿಲ್ಲ. ಇತಿಹಾಸದಲ್ಲಿ ಕದಂಬರ ಪಾಠದ ಟೆಸ್ಟು ಆದಮೇಲೆ ವಿಜಯನಗರದ ಟೆಸ್ಟು ಬಂದರೆ ಎರಡನೆಯದು ಮೊದಲನೆಯದನ್ನು ಒಳಗೊಳ್ಳುವುದಿಲ್ಲ. ಅಲ್ಲಿ ಏರುತೂಕ ಹಾಕಿದರೆ ಕದಂಬರನ್ನು ಓದದವನಿಗೆ ರಿಯಾಯಿತಿ ಕೊಟ್ಟಂತೆ. ಆರಂಭದ ಟೆಸ್ಟುಗಳನ್ನು ಮಕ್ಕಳು ಅಸಡ್ಡೆ ಮಾಡುತ್ತಾರೆ ಎಂಬ ಆಕ್ಷೇಪವೂ ಇಂಥ ಕೋರ್ಸುಗಳಲ್ಲೇ ನಿಜವಾಗುತ್ತದೆ. ಮೊದಲ ಮೆಟ್ಟಿಲು ಹತ್ತದೆ ಎರಡನೆಯದಕ್ಕೆ ಹೋಗಲಾಗದ ವಿದ್ಯೆಯಲ್ಲಿ ಅಸಡ್ಡೆಗೆ ಶಿಕ್ಷೆ ಕೊನೆಯ ಪರೀಕ್ಷೆಯಲ್ಲೇ ಸಿಗುತ್ತದೆ.

ತಪ್ಪಾಗಿ ಬಳಸಿದ್ದನ್ನು ಗುರುತಿಸುವ ಸುಲಭ ದಾರಿ ಇಡೀ ತರಗತಿಯ ಸರಾಸರಿಯನ್ನು ಟೆಸ್ಟಿನಿಂದ ಟೆಸ್ಟಿಗೆ ನೋಡುವುದು. ವಿದ್ಯೆ ಕಟ್ಟುತ್ತಿದ್ದು ಪ್ರಶ್ನೆಗಳ ಕಷ್ಟ ಸಮವಾಗಿದ್ದರೆ ಆ ಸರಾಸರಿ ಏರಬೇಕು. ಮೊದಲ ಟೆಸ್ಟಿನಲ್ಲಿ 70 ಇದ್ದದ್ದು ಕೊನೆಯದರಲ್ಲಿ 50 ಆಗಿದ್ದರೆ ಅಲ್ಲಿ ಇಡೀ ತರಗತಿ ಮರೆತುಬಿಟ್ಟಿತು ಎನ್ನುವುದಕ್ಕಿಂತ ಪ್ರಶ್ನೆಪತ್ರಿಕೆ ಕಠಿಣವಾಯಿತು ಎನ್ನುವುದೇ ಹೆಚ್ಚು ಸಂಭವ; ಆಗ ಏರುತೂಕ ಆ ಕಾಠಿಣ್ಯವನ್ನು ಎಲ್ಲರ ಅಂಕದಲ್ಲೂ ದೊಡ್ಡದು ಮಾಡುತ್ತದೆ. ಜೊತೆಗೆ ಕೊನೆಯ ಪ್ರಶ್ನೆಪತ್ರಿಕೆಯನ್ನು ತೆಗೆದು, ಮೊದಲ ಟೆಸ್ಟಿನ ಪಾಠ ಗೊತ್ತಿಲ್ಲದವನು ಅದರಲ್ಲಿ ಎಷ್ಟು ಪ್ರಶ್ನೆ ಉತ್ತರಿಸಬಲ್ಲ ಎಂದು ಎಣಿಸಬೇಕು. ಬಹುಪಾಲು ಉತ್ತರಿಸಬಲ್ಲ ಎಂದಾದರೆ ಈ ಪದ್ಧತಿ ಅಲ್ಲಿಗೆ ಸಲ್ಲದು.

ಈಗಿನ ಸ್ಥಿತಿ

ಎರಡು ಟರ್ಮಿನ ಪ್ರಯೋಗವನ್ನು ಸಿಬಿಎಸ್‌ಇ ಒಂದೇ ವರ್ಷಕ್ಕೆ ಬಿಟ್ಟು 2023ರಿಂದ ಒಂದೇ ವಾರ್ಷಿಕ ಪರೀಕ್ಷೆಗೆ ಮರಳಿತು. ಸಾರ್ವಜನಿಕ ಪರೀಕ್ಷೆಗಳ ಒಲವು ಅಲ್ಲಿಂದೀಚೆಗೆ ಉತ್ತಮ ಅಂಕದ ಪದ್ಧತಿಯ ಕಡೆಗಿದೆ. ಕರ್ನಾಟಕ 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ 1, 2, 3 ಎಂದು ಮೂರು ಅವಕಾಶ ಕೊಟ್ಟು ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳಲು ಬಿಟ್ಟಿತು. ಸಿಬಿಎಸ್‌ಇ 2026ರಿಂದ ಹತ್ತನೆಯ ತರಗತಿಗೆ ಎರಡು ಪರೀಕ್ಷೆ ಎಂದು ಪ್ರಕಟಿಸಿದ್ದೂ ಇದೇ ನಿಯಮದಲ್ಲಿ. ವಿಟಿಯುವಿನ ಹಳೆಯ ಸ್ಕೀಮುಗಳಲ್ಲಿ ಮೂರು ಇಂಟರ್ನಲ್‌ಗಳಲ್ಲಿ ಉತ್ತಮ ಎರಡರ ಸರಾಸರಿ ಹಿಡಿಯುತ್ತಿದ್ದದ್ದು ಈ ಜಾತಿಗೇ ಸೇರಿದ್ದು. ಏರುತೂಕ ಉಳಿದಿರುವುದು ಹೆಚ್ಚಾಗಿ ಕೋರ್ಸಿನ ಒಳಗಿನ ಮೌಲ್ಯಮಾಪನದಲ್ಲಿ ಮತ್ತು ತಂತ್ರಾಂಶಗಳ ಆಯ್ಕೆಪಟ್ಟಿಗಳಲ್ಲಿ.

ಉತ್ತಮ ಅಂಕದ ಪದ್ಧತಿ ಜ್ವರದ ದಿನದ ಆಕ್ಷೇಪಕ್ಕೆ ಉತ್ತರ ಕೊಡುತ್ತದೆ, ಮಕ್ಕಳ ಆತಂಕವನ್ನೂ ತಗ್ಗಿಸುತ್ತದೆ. ಆದರೆ ಅದು ಯಾವುದನ್ನು ಬಿಟ್ಟುಕೊಡುತ್ತದೆ ಎಂಬುದು ಫಿಟ್ಟರ್ ಲೆಕ್ಕದಲ್ಲೇ ಇದೆ: 40ರಿಂದ 80ಕ್ಕೆ ಏರಿದವನಿಗೂ 80ರಿಂದ 40ಕ್ಕೆ ಇಳಿದವನಿಗೂ ಅದು ಕೊಡುವ ಅಂಕ 80.